ಹ್ಯಾಂಬರ್ಗಿಗೆ ಹೊರಟ ಕಾಳುಮೆಣಸು

ಸಿರಸಿಯ ಒಬ್ಬ ಸಂಬಾರ ವರ್ತಕನಿಗೆ ಜರ್ಮನಿಯ ಹ್ಯಾಂಬರ್ಗ್ ನಗರದಿಂದ, ಹನ್ನೆರಡೂವರೆ ಟನ್ ಕಾಳುಮೆಣಸನ್ನು ಯಾವ ದರಕ್ಕೆ ಕೊಡುವಿರಿ ಎಂಬ ವಿಚಾರಣೆ ಬಂದಿತೆಂದು ಕಲ್ಪಿಸಿಕೊಳ್ಳೋಣ. ಆಮದು-ರಫ್ತು ಕೋಡ್, ಸ್ಪೈಸಸ್ ಬೋರ್ಡಿನ ರಫ್ತುದಾರ ನೋಂದಣಿ, ತೆರಿಗೆ ತುಂಬದೆ ಸರಕು ಕಳುಹಿಸಲು ಜಿಎಸ್‌ಟಿ ಇಲಾಖೆಗೆ ಕೊಡುವ ಮುಚ್ಚಳಿಕೆ, ಇವೆಲ್ಲ ಅವನಲ್ಲಿ ಉಂಟು. ಅವು ಕಾಲಕಾಲಕ್ಕೆ ನವೀಕರಿಸಿದರೆ ಮುಗಿಯುವ ಕೆಲಸಗಳು. ಮುಗಿಯದಿರುವ ಕೆಲಸವೆಂದರೆ ಆ ದರದ ಒಂದು ಸಾಲನ್ನು ಬರೆಯುವುದು. ಏಕೆಂದರೆ ಅಂಕಿಯ ಮುಂದೆ ಬರೆಯದೆ ಬಿಟ್ಟ ಮಾತುಗಳನ್ನು ಕಾನೂನು ತಾನೇ ತುಂಬುತ್ತದೆ, ಮತ್ತು ತುಂಬುವಾಗ ಅದು ಮಾರುವವನ ಅನುಕೂಲವನ್ನು ಕೇಳುವುದಿಲ್ಲ.

ಮೊದಲು ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ. ಕಿಲೋಗೆ 660 ರೂಪಾಯಿಯಂತೆ 12,500 ಕಿಲೋ ಮೆಣಸಿಗೆ 82,50,000. ಶುದ್ಧಿ, ಚೀಲ, ಪ್ರಯೋಗಾಲಯದ ಪರೀಕ್ಷೆ, ಸಸ್ಯಾರೋಗ್ಯ ಪ್ರಮಾಣಪತ್ರ, ಮಂಗಳೂರಿನವರೆಗಿನ ಲಾರಿ, ಸುಂಕದ ಏಜೆಂಟ್, ಬಂದರಿನ ಶುಲ್ಕ, ಎಲ್ಲ ಸೇರಿ 3,50,000. ತನ್ನ ಲಾಭವೆಂದು 4,00,000. ಒಟ್ಟು 90 ಲಕ್ಷ. ಡಾಲರಿಗೆ 90 ರೂಪಾಯಿ ಇದ್ದ ದಿನ ಇದು ಒಂದು ಲಕ್ಷ ಡಾಲರ್, ಅಂದರೆ ಟನ್ನಿಗೆ 8,000. ಇದು ನಮ್ಮ ಹಡಗುಕಟ್ಟೆಯವರೆಗಿನ ಬೆಲೆ. ಇದಕ್ಕೆ ಹಡಗಿನ ಬಾಡಿಗೆ 2,600 ಡಾಲರನ್ನೂ ವಿಮೆಯ 400 ಡಾಲರನ್ನೂ ಕೂಡಿಸಿದರೆ ಹ್ಯಾಂಬರ್ಗಿನವರೆಗಿನ ಬೆಲೆ 1,03,000 ಆಗುತ್ತದೆ. ಕೊಳ್ಳುವವನಾದರೋ ಇಲ್ಲಿಗೆ ನಿಲ್ಲನು. ಅಲ್ಲಿಯ ಇಳಿಸುಕೂಲಿ, ತಪಾಸಣೆ, ಗೋದಾಮಿನವರೆಗಿನ ಸಾಗಣೆ, ಆಮದು ಸುಂಕ ಎಲ್ಲವನ್ನೂ ಸೇರಿಸಿ ದಡ ಮುಟ್ಟಿದ ಬೆಲೆಯನ್ನು ಗುಣಿಸಿಕೊಂಡ ಬಳಿಕವೇ ನಮ್ಮ ದರ ಹೆಚ್ಚೋ ಕಡಮೆಯೋ ಎಂದು ಹೇಳುವನು. ಐರೋಪ್ಯ ಒಕ್ಕೂಟದಲ್ಲಿ ಇಡೀ ಕಾಳಿಗೆ ಸುಂಕವಿಲ್ಲ. ಪುಡಿಮಾಡಿದ್ದಕ್ಕೆ, ಯಾವ ರಿಯಾಯಿತಿಯೂ ಅನ್ವಯಿಸದಿದ್ದಲ್ಲಿ, ನೂರಕ್ಕೆ 4 ಉಂಟು. ಆ ಸುಂಕವನ್ನು ಅವರು ಬಾಡಿಗೆ ಮತ್ತು ವಿಮೆ ಸೇರಿದ ಮೌಲ್ಯದ ಮೇಲೆ ಕಟ್ಟುವುದರಿಂದ, ಪುಡಿ ಮಾರುವವನಿಗೆ ಹಡಗಿನ ಬಾಡಿಗೆ ಏರಿದಾಗ ಸುಂಕವೂ ಅದರ ಹಿಂದೆಯೇ ಏರುತ್ತದೆ.

ಇನ್ನು ಈ ಎರಡು ಬೆಲೆಗಳಿಗೆ ವರ್ತಕರು ಇಡುವ ಹೆಸರುಗಳು. ಮೊದಲನೆಯದು ಎಫ್‌ಒಬಿ, ಎರಡನೆಯದು ಸಿಐಎಫ್. ಪ್ಯಾರಿಸ್ಸಿನ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಲ್ಲಿ ಮೊದಲು ಪ್ರಕಟಿಸಿ ಕಾಲಕಾಲಕ್ಕೆ ತಿದ್ದುತ್ತ ಬಂದ ಇನ್‌ಕೋಟರ್ಮ್ಸ್ ಎಂಬ ಹನ್ನೊಂದು ಸಂಕೇತಗಳಲ್ಲಿ ಇವು ಎರಡು. ಇವು ಶಾಸನವಲ್ಲ, ಕರಾರಿನಲ್ಲಿ ಸ್ಥಳದ ಹೆಸರಿನೊಡನೆ, ‘ಇನ್‌ಕೋಟರ್ಮ್ಸ್ 2020’ ಎಂದು ಬರೆದಾಗ ಮಾತ್ರ ಆ ಅರ್ಥದಲ್ಲಿ ನಿಸ್ಸಂದೇಹವಾಗಿ ಬಂಧಿಸುತ್ತವೆ.

ಸಿಐಎಫ್ ಎಂಬುದರಲ್ಲಿ ಒಂದು ಮರೆಮೋಸವುಂಟು. ಹ್ಯಾಂಬರ್ಗಿನವರೆಗೆ ಬಾಡಿಗೆ ಕೊಟ್ಟವನು ನಾನಾದ್ದರಿಂದ ಅಲ್ಲಿಯವರೆಗಿನ ಹಾನಿಯೂ ನನ್ನದೇ ಎಂದು ಹೊಸ ವರ್ತಕನು ಎಣಿಸುತ್ತಾನೆ. ವಾಸ್ತವದಲ್ಲಿ ವೆಚ್ಚವು ಹ್ಯಾಂಬರ್ಗಿನವರೆಗೆ ಹೋದರೂ ಅಪಾಯವು ನವಮಂಗಳೂರಿನಲ್ಲಿ ಸರಕು ಹಡಗನ್ನು ಏರಿದ ಕ್ಷಣದಲ್ಲೇ ಕೊಳ್ಳುವವನ ತಲೆಗೆ ಬಂದಿರುತ್ತದೆ. ಆದರೆ ವಿಮೆ ಮಾಡಿಸುವ ಹೊಣೆ ಮಾರುವವನದು: ಬೆಲೆಯ ನೂರಹತ್ತು ಪ್ರತಿಶತಕ್ಕೆ, ನಮ್ಮ ಉದಾಹರಣೆಯಲ್ಲಿ 1,13,300 ಡಾಲರಿಗೆ. ಬೇರೆ ಮಾತಿಲ್ಲದಿದ್ದರೆ ಸಿಐಎಫ್ ಕೇಳುವುದು ‘ಸಿ’ ವರ್ಗದ ವಿಮೆಯನ್ನಷ್ಟೆ. ಅದರೊಳಗೆ ಬೆಂಕಿ, ಹಡಗುಗಳ ಡಿಕ್ಕಿ, ಮುಳುಗಡೆ ಮುಂತಾದುವು ಬರುತ್ತವೆಯೇ ಹೊರತು ಕಂಟೈನರಿನೊಳಗೆ ನೀರು ನುಗ್ಗಿ ಮೆಣಸು ಬೂಷ್ಟು ಹಿಡಿದದ್ದು ಬರುವುದಿಲ್ಲ, ಕಳ್ಳತನವೂ ಬರುವುದಿಲ್ಲ. ಮಳೆಗಾಲದಲ್ಲಿ ಮಂಗಳೂರಿನಿಂದ ಹೊರಡುವ ಸರಕಿಗೆ ‘ಎ’ ವರ್ಗವನ್ನೇ ಕೇಳತಕ್ಕುದು. ಹಾಗೆ ಕೇಳಿದರೂ, ಸರಿಯಾಗಿ ಒಣಗಿಸದೆ ತುಂಬಿದ ಕಾಳು ತನ್ನ ತೇವದಿಂದಲೇ ಕೆಟ್ಟಿದ್ದರೆ ಅದು ಸರಕಿನ ಸ್ವಭಾವದೋಷವೆಂದು ವಿಮೆಯವರು ಕೈ ತೊಳೆದುಕೊಳ್ಳುವರು. ಆಗ ಹೊರಡುವ ಮುನ್ನ ತೆಗೆಸಿದ ತೇವಾಂಶದ ವರದಿಯೇ ವರ್ತಕನ ಸಾಕ್ಷಿ.

ಎಫ್‌ಒಬಿಯಲ್ಲಿ ವಿಮೆ ಕೊಳ್ಳುವವನ ಪಾಲಿನದೆಂದು ಮಾರುವವನು ನಿಶ್ಚಿಂತನಾಗುತ್ತಾನೆ. ಕಾನೂನು ಅವನನ್ನು ಹಿಡಿಯುವುದು ಇಲ್ಲಿಯೇ. 1930ರ ಸರಕು ಮಾರಾಟ ಅಧಿನಿಯಮದ 39ನೆಯ ಪ್ರಕರಣದ ಮೂರನೆಯ ಉಪಪ್ರಕರಣವು, ವಿಮೆ ಮಾಡಿಸುವ ವಾಡಿಕೆಯಿರುವ ಸಮುದ್ರಮಾರ್ಗದಲ್ಲಿ ಸರಕು ಕಳುಹಿಸುವಾಗ, ಕೊಳ್ಳುವವನು ವಿಮೆ ಮಾಡಿಸಿಕೊಳ್ಳಲು ಅನುವಾಗುವಂತೆ ಮಾರುವವನು ಅವನಿಗೆ ತಿಳಿವಳಿಕೆ ಕೊಡಬೇಕೆಂದೂ, ಕೊಡದೆ ಹೋದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸಮುದ್ರಯಾನದುದ್ದಕ್ಕೂ ಸರಕು ಮಾರುವವನ ಅಪಾಯದಲ್ಲೇ ಇರುವುದೆಂದೂ ವಿಧಿಸುತ್ತದೆ. ಹಡಗಿನ ಹೆಸರು, ಹೊರಡುವ ದಿನ, ಚೀಲಗಳ ಸಂಖ್ಯೆ, ಮೌಲ್ಯ, ಇಷ್ಟನ್ನು ಬರೆದ ಒಂದು ಮಿಂಚಂಚೆ ಸಾಕು; ಅದನ್ನು ಹಡಗು ಹೊರಡುವ ಮೊದಲೇ ಕಳುಹಿಸಿ ಪ್ರತಿಯನ್ನು ಕಾಪಿಟ್ಟುಕೊಳ್ಳಬೇಕು.

ಮತ್ತೊಂದು ಸಂಗತಿ. ಕಂಟೈನರನ್ನು ನಾವು ಒಪ್ಪಿಸುವುದು ಹಡಗಿಗಲ್ಲ, ಬಂದರಿನ ಅಂಗಳಕ್ಕೆ. ಅಲ್ಲಿ ಅದು ನಾಲ್ಕಾರು ದಿನ ನಿಂತಿರುವಾಗ ಆದ ಹಾನಿ ಎಫ್‌ಒಬಿಯ ಪ್ರಕಾರ ಇನ್ನೂ ನಮ್ಮದೇ, ಏಕೆಂದರೆ ಸರಕು ಹಡಗನ್ನು ಏರಿಲ್ಲ. ಸಾಗಣೆಗಾರನಿಗೆ ಒಪ್ಪಿಸಿದೊಡನೆ ಅಪಾಯ ದಾಟುವ ಎಫ್‌ಸಿಎ ಎಂಬುದೇ ಕಂಟೈನರಿಗೆ ಒಪ್ಪುವ ಪದ. ಬ್ಯಾಂಕು ಸರಕು ಹಡಗೇರಿದ್ದಕ್ಕೆ ದಾಖಲೆಯಾದ ಬಿಲ್ ಆಫ್ ಲೇಡಿಂಗ್ ಕೇಳುತ್ತದೆಂಬ ಭಯದಿಂದ ನಮ್ಮವರು ಇದನ್ನು ಬಿಡುತ್ತಾರೆ. ಅಂಥ ಬಿಲ್ಲನ್ನು ಮಾರುವವನಿಗೆ ಕೊಡುವಂತೆ ಕೊಳ್ಳುವವನು ಸಾಗಣೆಗಾರನಿಗೆ ಸೂಚಿಸಬೇಕೆಂದು ಇಬ್ಬರೂ ಒಪ್ಪಿಕೊಳ್ಳಲು 2020ರ ನಿಯಮಗಳು ಅವಕಾಶ ಕೊಟ್ಟಿವೆ.

ಇನ್ನು ಉಳಿದದ್ದು ಹಣದ ಮಾತು. ಡಾಲರು 90ರಿಂದ 86ಕ್ಕೆ ಇಳಿದರೆ ಒಂದು ಲಕ್ಷ ಡಾಲರಿಗೆ ಬರುವುದು 86 ಲಕ್ಷ, ಅಂದರೆ ಸರಿಯಾಗಿ ನಮ್ಮ ಖರ್ಚು. ಲಾಭವೆಲ್ಲ ಆ ನಾಲ್ಕು ರೂಪಾಯಿಯಲ್ಲಿ ಇಂಗಿಹೋಯಿತು. ಈ ಅಪಾಯ ಹಡಗು ಹೊರಟಾಗಲ್ಲ, ದರ ಬರೆದು ಕಳುಹಿಸಿದ ದಿನವೇ ಹುಟ್ಟುತ್ತದೆ. ಆದೇಶ ಕೈಗೆ ಬಂದ ಮೇಲೆ ಬ್ಯಾಂಕಿನೊಡನೆ ಮುಂಗಡ ವಿನಿಮಯ ಕರಾರು, ವರ್ತಕರ ಮಾತಿನಲ್ಲಿ ಫಾರ್ವರ್ಡ್, ಮಾಡಿಕೊಂಡರೆ ಮೂರು ತಿಂಗಳ ಬಳಿಕ ಬರುವ ಡಾಲರಿಗೆ ಇಂದೇ ದರ ಗೊತ್ತಾಗುತ್ತದೆ. ಆದರೆ ಅದು ವಿಮೆಯಲ್ಲ, ಬದ್ಧತೆ. ಜರ್ಮನಿಯವನು ಹಣ ತಡಮಾಡಿದರೂ ಕರಾರು ಕಾಯದು. ರದ್ದುಮಾಡಿದರೆ ಅಂದಿನ ದರಕ್ಕಿರುವ ವ್ಯತ್ಯಾಸವನ್ನು, ಡಾಲರು ಏರಿದ್ದಲ್ಲಿ, ವರ್ತಕನೇ ತೆರಬೇಕು. ಆದುದರಿಂದ ಪೂರ್ತಿ ಮೊತ್ತವನ್ನು ಕಟ್ಟಿಹಾಕದೆ, ಖಚಿತವಾಗಿ ಬರುವ ಭಾಗವನ್ನು ಮಾತ್ರ ಕಟ್ಟುವುದು ಲೇಸೆಂದು ನನ್ನ ಅಭಿಪ್ರಾಯ. ಬ್ಯಾಂಕು ಹೇಳಿದ ದರವೇ ಕೊನೆಯದೆಂದು ತಿಳಿಯಬೇಕಾಗಿಲ್ಲ: 2019ರಲ್ಲಿ ಆರಂಭವಾದ ಎಫ್‌ಎಕ್ಸ್-ರೀಟೇಲ್ ವೇದಿಕೆಯಲ್ಲಿ ಸಣ್ಣ ವರ್ತಕನೂ ಮಾರುಕಟ್ಟೆಯ ದರವನ್ನು ಕಂಡು ವ್ಯವಹರಿಸಬಹುದು.

ಹಣ ಬರಲಿ, ಬಾರದಿರಲಿ, ವಿದೇಶೀ ವಿನಿಮಯ ಕಾನೂನಿನ ಲೆಕ್ಕ ಬೇರೆ. ರಫ್ತಿನ ಪೂರ್ಣ ಮೌಲ್ಯ ದೇಶಕ್ಕೆ ಬರಬೇಕಾದ ಅವಧಿ ಬಹುಕಾಲ 9 ತಿಂಗಳಿದ್ದು 2025ರ ಕೊನೆಯಲ್ಲಿ 15 ತಿಂಗಳಾಯಿತು. ಅದು ತೀರುವ ಮೊದಲೇ ವಿಸ್ತರಣೆಗೆ ಬ್ಯಾಂಕಿಗೆ ಬರೆಯುವುದು ವರ್ತಕನ ಕರ್ತವ್ಯ.

ಇಷ್ಟನ್ನೂ ಮನಸ್ಸಿನಲ್ಲಿಟ್ಟು ಆ ಸಿರಸಿಯ ವರ್ತಕನು ಬರೆಯಬೇಕಾದ ಸಾಲು ಹೀಗಿರಬಹುದು: ‘ಟನ್ನಿಗೆ 8,000 ಅಮೆರಿಕನ್ ಡಾಲರ್, ಎಫ್‌ಸಿಎ, ನವಮಂಗಳೂರು ಕಂಟೈನರ್ ಅಂಗಳ, ಇನ್‌ಕೋಟರ್ಮ್ಸ್ 2020, ಹಡಗೇರಿದ ಬಿಲ್ ಆಫ್ ಲೇಡಿಂಗ್ ನಮಗೆ ದೊರೆಯತಕ್ಕುದು, ದಾಖಲೆಗಳು ಬ್ಯಾಂಕಿನ ಮೂಲಕ, ಹಣ ಬಂದ ಮೇಲೆ, ಭಾರತದ ಕಾನೂನಿಗೆ ಒಳಪಟ್ಟು, ಈ ದರವು ಮೂರು ದಿನಗಳವರೆಗೆ ಮಾತ್ರ.’