ಮನೆಯಿಂದ ಪರೀಕ್ಷೆ: ಲ್ಯಾಪ್‌ಟಾಪ್ ನೋಡಿದಿರಿ, ರೂಟರ್ ನೋಡಿದಿರಾ?

ಮೈಕ್ರೋಸಾಫ್ಟ್, ಎಡಬ್ಲ್ಯೂಎಸ್ ಸರ್ಟಿಫಿಕೇಟ್ ಪರೀಕ್ಷೆಗಳನ್ನು ಈಗ ಮಂಗಳೂರಿನ ಅನೇಕರು ಮನೆಯಿಂದಲೇ ಬರೆಯುತ್ತಾರೆ. ಪಿಯರ್ಸನ್ ವ್ಯೂ ಸಂಸ್ಥೆಯ OnVUE ಎಂಬ ವ್ಯವಸ್ಥೆಯಲ್ಲಿ ಮೇಲ್ವಿಚಾರಕರು ದೂರದಲ್ಲಿ ಕುಳಿತು ಕ್ಯಾಮೆರಾದಲ್ಲಿ ನಿಮ್ಮನ್ನು ನೋಡುತ್ತಾರೆ, ಮೈಕ್‌ನಲ್ಲಿ ಕೇಳುತ್ತಾರೆ. ಓದು ಚೆನ್ನಾಗಿದ್ದೂ ಪರೀಕ್ಷೆ ಕಳೆದುಕೊಂಡವರನ್ನು ನಾನು ಪ್ರತಿ ಮಳೆಗಾಲದಲ್ಲಿ ಕಾಣುತ್ತೇನೆ. ಆದ್ದರಿಂದ ಇಷ್ಟು ಬರೆಯಬೇಕಾಯಿತು.

ಮೊದಲು ಲ್ಯಾಪ್‌ಟಾಪ್. ವಿಂಡೋಸ್ ಅಥವಾ ಮ್ಯಾಕ್ ಇರಬೇಕು. ಲಿನಕ್ಸ್, ಟ್ಯಾಬ್, ಮೊಬೈಲ್ ನಡೆಯುವುದಿಲ್ಲ. ಬ್ರೌಸರ್ ಬೇಕಾಗುವುದು ಲಾಗಿನ್ ಆಗಿ ಆ್ಯಪ್ ಇಳಿಸಿಕೊಳ್ಳುವವರೆಗೆ ಮಾತ್ರ. ಪರೀಕ್ಷೆ ನಡೆಯುವುದು ಆ ಆ್ಯಪ್‌ನೊಳಗೆ, ಅದು ಉಳಿದ ಪ್ರೋಗ್ರಾಮ್‌ಗಳನ್ನು ಮುಚ್ಚಲು ಹೇಳುತ್ತದೆ. ಕಚೇರಿಯ ಲ್ಯಾಪ್‌ಟಾಪ್ ಬೇಡವೇ ಬೇಡ. ಅದರ ವಿಪಿಎನ್, ಫೈರ್‌ವಾಲ್‌ಗಳನ್ನು ನೀವು ಬಿಡಿಸಲಾರಿರಿ. ಎರಡನೇ ಮಾನಿಟರ್ ಇದ್ದರೆ ಕೇಬಲ್ ಕಳಚಿಡಿ.

ಪರೀಕ್ಷೆ ಬರೆಯುವ ಅದೇ ಕೋಣೆಯಲ್ಲಿ, ಅದೇ ನೆಟ್‌ನಲ್ಲಿ, ಎರಡು ದಿನ ಮುಂಚೆ ಸಿಸ್ಟಮ್ ಟೆಸ್ಟ್ ಮಾಡಿ. ಕ್ಯಾಮೆರಾ ಕಪ್ಪಾಗಿ ಕಂಡರೆ ಸಾಮಾನ್ಯವಾಗಿ ಟೀಮ್ಸ್ ಅಥವಾ ಜೂಮ್ ಅದನ್ನು ಹಿಡಿದುಕೊಂಡಿರುತ್ತದೆ, ಪೂರ್ತಿ ಮುಚ್ಚಿ. ಅಲ್ಲದಿದ್ದರೆ ವಿಂಡೋಸ್ 11ರ Settings > Privacy & security ಒಳಗೆ Camera, Microphone ಎರಡನ್ನೂ ತೆರೆದು, ಆ್ಯಪ್‌ಗಳಿಗೆ ಅನುಮತಿ ಇದೆಯೇ ನೋಡಿ. ಹೆಡ್‌ಫೋನ್ ಹಾಕುವಂತಿಲ್ಲ, ಆದ್ದರಿಂದ ಲ್ಯಾಪ್‌ಟಾಪ್‌ನ ಮೈಕ್ ಸರಿ ಇರಲೇಬೇಕು. ತಗಡಿನ ಮಾಡಿನ ಕೆಳಗೆ ಜೋರು ಮಳೆಯ ಸದ್ದಿಗೆ ನಿಮ್ಮ ಮಾತು ಕೇಳಿಸದು, ಒಳಕೋಣೆ ಆರಿಸಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಕಳೆದ ಜುಲೈಯಲ್ಲಿ ಕೊಟ್ಟಾರದ ನಮ್ಮ ಪರಿಚಯದ ಹುಡುಗಿಯೊಬ್ಬಳು ಇಂಥದ್ದೇ ಒಂದು ಪರೀಕ್ಷೆಗೆ ಕೂತಿದ್ದಳು. ಹತ್ತಕ್ಕೆ ಶುರು, ಹತ್ತೂ ನಲವತ್ತಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ಫ್ಯಾನ್ ತಿರುಗುತ್ತಲೇ ಇತ್ತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಆದರೆ ಪರದೆ ನಿಂತುಬಿಟ್ಟಿತು. ಹಾಲ್‌ನಲ್ಲಿ ರೂಟರ್ ಸಿಕ್ಕಿಸಿದ್ದ ಪ್ಲಗ್‌ಗೆ ಇನ್ವರ್ಟರ್ ಲೈನ್ ಇರಲಿಲ್ಲ. ಅವಳು ಎದ್ದು ಹಾಲ್‌ಗೆ ಓಡಿದಳು. ನೆಟ್ ಮರಳುವಾಗ ಕುರ್ಚಿ ಖಾಲಿ, ಪರೀಕ್ಷೆ ರದ್ದು.

ಹಳೆಯ ಮನೆಗಳಲ್ಲಿ ಇನ್ವರ್ಟರ್ ಲೈನ್ ಹೆಚ್ಚಾಗಿ ಲೈಟು, ಫ್ಯಾನಿಗಷ್ಟೇ ಎಳೆದಿರುತ್ತಾರೆ. ಲೈನ್ ಇದ್ದರೂ ಸಾಲದು. ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಕ್ಷಣದಲ್ಲಿ ರೂಟರ್ ಆರಿ ಮತ್ತೆ ಹತ್ತಿತೆಂದರೆ, ಅದು ಎದ್ದು ಫೈಬರ್ ಸಿಗ್ನಲ್ ಹಿಡಿಯಲು ಕೆಲವು ನಿಮಿಷ ಬೇಕು. ನಿಮ್ಮ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್‌ನ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಬೇಗ ಹೊರಳುತ್ತದೆ. ಇನ್ನೂ ಒಳ್ಳೆಯದು, ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಫೈಬರ್ ಪೆಟ್ಟಿಗೆ ಮತ್ತು ವೈಫೈ ರೂಟರ್ ಬೇರೆಬೇರೆ ಇದ್ದರೆ ಎರಡಕ್ಕೂ ಬೇಕು, ಒಂದಕ್ಕೆ ಕೊಟ್ಟು ಇನ್ನೊಂದನ್ನು ಮರೆತವರನ್ನೂ ಕಂಡಿದ್ದೇನೆ.

ಪರೀಕ್ಷಿಸುವುದು ಸುಲಭ. ಸಂಜೆ ಲ್ಯಾಪ್‌ಟಾಪ್‌ನಿಂದ ಯಾರಿಗಾದರೂ ವೈಫೈಯಲ್ಲಿ ವಿಡಿಯೋ ಕಾಲ್ ಮಾಡಿ, ಮಾತಾಡುತ್ತಿರುವಾಗಲೇ ಮನೆಯವರಿಗೆ ಮೈನ್ ಸ್ವಿಚ್ ಆಫ್ ಮಾಡಲು ಹೇಳಿ. ಹತ್ತು ನಿಮಿಷ ಕಾಲ್ ತುಂಡಾಗದಿದ್ದರೆ ನೀವು ಸಿದ್ಧ. ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಎಳೆದರೆ ವೈಫೈ ಚಿಂತೆಯೂ ಇಲ್ಲ. ಆದರೆ ಬೀದಿಯ ಫೈಬರ್ ತಂತಿಯ ಮೇಲೆಯೇ ಮರ ಬಿದ್ದರೆ ಇದಾವುದೂ ಕಾಯದು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿದ್ದರೆ ದಿನ ಬದಲಿಸಿ. ಎಡಬ್ಲ್ಯೂಎಸ್ ಪರೀಕ್ಷೆಯನ್ನು 24 ಗಂಟೆ ಮುಂಚಿನವರೆಗೆ ಮುಂದೂಡಬಹುದು.

ಪರೀಕ್ಷೆಯ ದಿನ ಅರ್ಧ ಗಂಟೆ ಮುಂಚೆ ಚೆಕ್-ಇನ್ ತೆರೆಯುತ್ತದೆ, ಆಗಲೇ ಕೂರಿ. ಮುಖದ, ಗುರುತಿನ ಚೀಟಿಯ, ಕೋಣೆಯ ಫೋಟೋ ಕೇಳುತ್ತಾರೆ. ನೋಂದಣಿಯ ಹೆಸರೂ ಚೀಟಿಯ ಹೆಸರೂ ಒಂದೇ ಇರಬೇಕು. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು ಇದ್ದರೆ ಮೊದಲೇ ತಿದ್ದಿಸಿ. ಫೋಟೋ ಆದಮೇಲೆ ಫೋನನ್ನು ಕೈಗೆಟುಕದಷ್ಟು ದೂರ ಇಡಿ. ಪ್ರಶ್ನೆಯನ್ನು ಬಾಯಿಬಿಟ್ಟು ಓದಬೇಡಿ.

ನೆಟ್ ಹೋದರೆ ಕುರ್ಚಿ ಬಿಟ್ಟು ಏಳಬೇಡಿ. ಹಾಟ್‌ಸ್ಪಾಟ್‌ಗೆಂದು ಫೋನ್ ಎತ್ತಿಕೊಳ್ಳುವುದೇ ನಿಯಮ ಮೀರಿದಂತೆ. ತಾನಾಗಿ ಮರಳದಿದ್ದರೆ, ಇಳಿಸಿಕೊಂಡಿದ್ದ OnVUE ಆ್ಯಪ್ ಅನ್ನು ಮತ್ತೆ ತೆರೆಯಿರಿ. ಅದಕ್ಕೇ ಆ ಕಡತವನ್ನು ಅಳಿಸಬಾರದು. ಬರೆದ ಉತ್ತರಗಳು ಉಳಿದಿರುತ್ತವೆ. ಪರೀಕ್ಷೆ ನಿಂತೇ ಹೋದರೆ ಅದೇ ದಿನ ಗ್ರಾಹಕ ಸೇವೆಗೆ ದೂರು ಕೊಟ್ಟು ಕೇಸ್ ನಂಬರ್ ಪಡೆಯಿರಿ. ಮೈನ್ ಸ್ವಿಚ್ ಆಫ್ ಮಾಡಿ ನೋಡುವ ಕೆಲಸವನ್ನು ಮಾತ್ರ ದಯವಿಟ್ಟು ಇವತ್ತು ಸಂಜೆಯೇ ಮುಗಿಸಿ.