ಬಣ್ಣಕ್ಕೆ ದನಿ, ಚಳಿಗೆ ರುಚಿ: ಬರೆಯುವುದು ಹೇಗೆ?

ಮಳೆಗಾಲದಲ್ಲಿ ಗುಂಡ್ಲುಪೇಟೆ–ಊಟಿ ರಸ್ತೆಯ ಬದಿಯಲ್ಲಿ ಸೂರ್ಯಕಾಂತಿ ಅರಳಿತೆಂದರೆ ಹಂಗಳದ ಮೇಲಿನ ಪ್ರವಾಸ ಬರಹಗಳೂ ಅರಳುತ್ತವೆ. ಅವುಗಳಲ್ಲಿ ಹೊಲದ ಹಳದಿ ಹಾಡುತ್ತದೆ, ಗೋಪಾಲಸ್ವಾಮಿ ಬೆಟ್ಟದ ಮಂಜು ಜೇನಿನಷ್ಟು ಸಿಹಿಯಾಗಿರುತ್ತದೆ. ಒಂದು ಇಂದ್ರಿಯದ ಅನುಭವವನ್ನು ಇನ್ನೊಂದರ ಮಾತಿನಲ್ಲಿ ಹೇಳುವುದು ತಪ್ಪೇನಲ್ಲ. ದಿನಬಳಕೆಯ ಕನ್ನಡ ಅದನ್ನು ಸಲೀಸಾಗಿ ಮಾಡುತ್ತದೆ. ದನಿ ಒರಟು, ಮಾತು ಖಾರ, ಹಸಿರು ಕಣ್ಣಿಗೆ ತಂಪು. ಇವುಗಳ ದಿಕ್ಕನ್ನು ಗಮನಿಸಿ. ಚರ್ಮ ಮತ್ತು ನಾಲಿಗೆಯ ಪದಗಳು ಕಣ್ಣು, ಕಿವಿಯ ಕಡೆಗೆ ಹೋಗಿವೆ. ತಿರುಗಿ ಬರುವುದು ಕಡಿಮೆ. ಭಾಷಾವಿಜ್ಞಾನಿ ಸ್ಟೀಫನ್ ಉಲ್ಮನ್ 1950ರ ದಶಕದಲ್ಲಿ ಯುರೋಪಿನ ಕವಿತೆಗಳಲ್ಲಿ ಕಂಡದ್ದೂ ಇದೇ ಒಲವು. ಆದ್ದರಿಂದ ಮೊದಲು ನಿಮ್ಮ ವಾಕ್ಯ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ನೋಡಿ. ರೂಢಿಯ ದಿಕ್ಕಾದರೆ ಓದುಗ ತಾನಾಗಿ ಜೊತೆಗೆ ಬರುತ್ತಾನೆ. ಬಣ್ಣಕ್ಕೆ ದನಿ, ಚಳಿಗೆ ರುಚಿ ಕೊಡಲು ಹೊರಟರೆ ಮಾತ್ರ ನಡುವೆ ಒಂದು ಸೇತುವೆ ಬೇಕು, ಅದು ಆ ಜಾಗದಲ್ಲೇ ಸಿಗಬೇಕು.

"ಹೊಲದ ಹಳದಿ ಹಾಡುತ್ತಿತ್ತು" ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಹಳದಿಯ ಜಾಗದಲ್ಲಿ ಕೆಂಪು, ಹಂಗಳದ ಜಾಗದಲ್ಲಿ ಹಂಪಿ ಇಟ್ಟು ನೋಡಿ. ವಾಕ್ಯಕ್ಕೆ ಏನೂ ಆಗುವುದಿಲ್ಲ. ಅಂದರೆ ಅದು ಯಾವ ಬಣ್ಣದ, ಯಾವ ಊರಿನ ಸುದ್ದಿಯನ್ನೂ ಹೇಳಿಲ್ಲ. ಇದಕ್ಕಿಂತ ದೊಡ್ಡ ದೋಷ ಕ್ರಿಯಾಪದದಲ್ಲಿದೆ. ಹಾಡು, ಕಿರುಚು, ಪಿಸುಗುಟ್ಟು ಇವೆಲ್ಲ ಮನುಷ್ಯರ ಕೆಲಸ. ಅವನ್ನು ಬಣ್ಣಕ್ಕೆ ಅಂಟಿಸಿದ ಕೂಡಲೇ ಬಣ್ಣಕ್ಕೊಂದು ಬಾಯಿ ಮೂಡುತ್ತದೆ, ಓದುಗ ಹೊಲ ಬಿಟ್ಟು ಆ ಬಾಯಿಯನ್ನು ನೋಡತೊಡಗುತ್ತಾನೆ. ಬರಹಗಾರರು ಮತ್ತೆ ಮತ್ತೆ ಎಡವುವುದು ಇಲ್ಲೇ. ಕನ್ನಡದಲ್ಲಿ ಬೇರೆ ದಾರಿಯಿದೆ: ಅನುಕರಣ ಪದಗಳು. ಕತ್ತಲಿಗೆ ದನಿಯಿಲ್ಲ, ಆದರೂ ಗವ್ವೆನ್ನುವ ಕತ್ತಲನ್ನು ಯಾರೂ ಪ್ರಶ್ನಿಸಿಲ್ಲ. ರಣರಣ ಬಿಸಿಲನ್ನೂ ಅಷ್ಟೆ. ಇಲ್ಲಿ ಸದ್ದು ಮಾತ್ರ ಇದೆ, ಸದ್ದು ಮಾಡುವ ಮನುಷ್ಯ ಇಲ್ಲ. ಈಗ ಹೊಲಕ್ಕೆ ಬನ್ನಿ. ಅರಳಿದ ಸೂರ್ಯಕಾಂತಿಗೆ ಜೇನುನೊಣಗಳು ಮುತ್ತುತ್ತವೆ, ಆ ಹಳದಿಯ ನಡುವೆ ನಿಂತ ಕಿವಿಗೆ ನಿಜಕ್ಕೂ ಬೀಳುವ ಸದ್ದು ಅವುಗಳದ್ದು. "ಬಿಸಿಲೇರಿದಂತೆ ಹೊಲದ ಹಳದಿಯೆಲ್ಲ ಗುಂಯ್‌ಗುಡತೊಡಗಿತು" ಎಂದು ಬರೆಯಿರಿ. ನೊಣದ ಹೆಸರನ್ನೇ ಎತ್ತಬೇಕಿಲ್ಲ. ಈಗ ಹಳದಿ ತೆಗೆದು ಹಂಪಿಯ ಬಂಡೆಯ ಬಣ್ಣ ಹಾಕಿದರೆ ವಾಕ್ಯ ನಿಲ್ಲುವುದಿಲ್ಲ.

ಚಳಿಯ ರುಚಿಗೆ ದೇಹವೇ ಸಾಕ್ಷಿ. ಕ್ರೂಜ್ ಮತ್ತು ಗ್ರೀನ್ ಎಂಬ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಯಲ್ಲಿ ಯಾವ ಪದಾರ್ಥವೂ ಇಲ್ಲದೆ ನಾಲಿಗೆಯ ತುದಿಯನ್ನು ಬೆಚ್ಚಗೆ ಮಾಡಿದಾಗ ಹಲವರಿಗೆ ಸಿಹಿ ಅನ್ನಿಸಿತು, ತಣ್ಣಗೆ ಮಾಡಿದಾಗ ಹುಳಿ ಅಥವಾ ಉಪ್ಪು ಅನ್ನಿಸಿತು. ತಂಪು ಸಿಹಿಯನ್ನು ಮಂಕಾಗಿಸುತ್ತದೆ ಕೂಡ. ಕರಗಿದ ಐಸ್‌ಕ್ರೀಮ್ ಅತಿ ಸಿಹಿ ಅನ್ನಿಸುವುದು ಅದಕ್ಕೇ. ಹೀಗಿರುವಾಗ ಜೇನಿನಂಥ ಮಂಜು ನಾಲಿಗೆಯ ಅನುಭವಕ್ಕೇ ವಿರುದ್ಧ. ಹುಳಿ ತಿಂದರೂ ಐಸ್ ಕಚ್ಚಿದರೂ ಹಲ್ಲು ಜುಮ್ಮೆನ್ನುತ್ತದೆ, ಸೇತುವೆ ಅಲ್ಲಿದೆ. "ಬೆಟ್ಟದ ಮೇಲೆ ಬಸ್ಸಿಳಿದು ಬಾಯಿ ತೆರೆದರೆ ಚಳಿ ಎಷ್ಟು ಹುಳಿಯಿತ್ತೆಂದರೆ ಹಲ್ಲೆಲ್ಲ ಜುಮ್ಮೆಂದವು" ಎಂದರೆ ಓದುಗನ ಹಲ್ಲೇ ಒಪ್ಪಿಕೊಳ್ಳುತ್ತದೆ.

ಕವಿಗಳು ಇಷ್ಟೆಲ್ಲ ಲೆಕ್ಕ ನೋಡುತ್ತಾರೆಯೇ ಎಂದು ಕೇಳಬಹುದು. ಕವಿತೆಯಲ್ಲಿ ಲಯ ಅರ್ಧ ಭಾರ ಹೊರುತ್ತದೆ. ಗದ್ಯಕ್ಕೆ ಆ ಹೆಗಲಿಲ್ಲ. ಅಕ್ಷರ ಕಂಡರೆ ಬಣ್ಣ ಕಾಣುವವರು ನಿಜವಾಗಿ ಇದ್ದಾರಲ್ಲ ಎಂಬುದು ಇನ್ನೊಂದು ವಾದ. ಇದ್ದಾರೆ, ಆದರೆ ಒಂದೇ ಅಕ್ಷರಕ್ಕೆ ಒಬ್ಬರಿಗೆ ಕಾಣುವ ಬಣ್ಣ ಇನ್ನೊಬ್ಬರಿಗೆ ಕಾಣಬೇಕೆಂದಿಲ್ಲ. ನಿಮಗೊಬ್ಬರಿಗೇ ಗೊತ್ತಿರುವ ಜೋಡಿಯನ್ನು ವಿವರಿಸದೆ ಬರೆದರೆ ಓದುಗನಿಗೆ ಅದು ಒಗಟು.

ಉಳಿದದ್ದು ಚುಟುಕಾಗಿ. ಒಂದು ಪ್ಯಾರಾದಲ್ಲಿ ಇಂಥ ಬೆರಕೆ ಒಂದೇ ಇರಲಿ. "ಎಂಬಂತೆ ಭಾಸವಾಯಿತು" ಎಂಬ ಊರುಗೋಲನ್ನು ಹೊಡೆದುಹಾಕಿ. ಅದಿಲ್ಲದೆ ವಾಕ್ಯ ನಿಲ್ಲದಿದ್ದರೆ ಬೆರಕೆ ಬಿಟ್ಟು, ಹೂ ಹಳದಿಯಾಗಿತ್ತು ಎಂದಷ್ಟೇ ಬರೆದು ಕಳಿಸಿ.