ಕಾಕಾನಿಗೆ ‘ಆಗುವುದಿಲ್ಲ’ ಎಂದು ಬರೆಯುವುದು ಹೇಗೆ?

ಮಿರಗದ ಮಳೆ ಹತ್ತಿರ ಬಂತೆಂದರೆ ಕಾಸಾರಶಿರಸಿ, ನಿಲಂಗಾ, ಉಮರ್ಗಾ ಕಡೆಯ ನಮ್ಮ ಮನೆಗಳಲ್ಲಿ ಬೀಜ, ಗೊಬ್ಬರದ ಹಣದ ಚಿಂತೆ ಶುರುವಾಗುತ್ತದೆ. ಆಗ ಕೈಸಾಲ ಕೇಳುವವರು ಹೆಚ್ಚಾಗಿ ಬಂಧುಗಳೇ. ಕೊಡಲು ನಮ್ಮಲ್ಲಿ ಇಲ್ಲದಾಗ ನಾವು ಎರಡು ತಪ್ಪು ಮಾಡುತ್ತೇವೆ: ಉತ್ತರವನ್ನೇ ಕೊಡದೆ ಸುಮ್ಮನಿರುತ್ತೇವೆ, ಇಲ್ಲವೆ ‘ನೋಡೋಣ’ ಎನ್ನುತ್ತೇವೆ.

ನಮ್ಮ ಪಾಲಿಗೆ ‘ನೋಡೋಣ’ ಎಂದರೆ ನಯವಾದ ನಿರಾಕರಣೆ. ಕೇಳಿದವರಿಗೆ ಅದು ಅರ್ಧ ಒಪ್ಪಿಗೆ. ಅದನ್ನೇ ನಂಬಿ ಅವರು ಅಂಗಡಿಯವನಿಗೆ ವಾಯಿದೆ ಹೇಳಿಬಿಡುತ್ತಾರೆ. ಮುಂದೆ ಸಂಬಂಧ ಕೆಡುವುದು ಹಣ ಕೊಡದ್ದಕ್ಕಿಂತ ಹೆಚ್ಚಾಗಿ, ಕಾಯಿಸಿದ್ದಕ್ಕೆ.

ಕಾಕಾ 40,000 ರೂಪಾಯಿ ಕೇಳಿ ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಎರಡು ಮೂರು ದಿನದೊಳಗೆ ಹೀಗೆ ಬರೆಯಬಹುದು:

‘ಪ್ರೀತಿಯ ಕಾಕಾ, ನಿಮಗೂ ಕಾಕೂಗೂ ನಮಸ್ಕಾರ. ನಿಮ್ಮ ಪತ್ರ ಬಂತು. ನೀವು ಕೇಳಿದ ಹಣ ಕೊಡುವುದು ನನ್ನಿಂದ ಆಗುವುದಿಲ್ಲ. ಕೈಯಲ್ಲಿರುವುದು ಮಗಳ ಕಾಲೇಜಿನ ಫೀಗೆ ಇಟ್ಟ ಹಣ ಮಾತ್ರ. ಬಿತ್ತನೆಯ ಹೊತ್ತಿನಲ್ಲಿ ಹೀಗೆ ಬರೆಯಲು ಮನಸ್ಸಿಗೆ ಕಷ್ಟವಾಗುತ್ತಿದೆ. ಬ್ಯಾಂಕಿನ ಬೆಳೆಸಾಲಕ್ಕೆ 7/12 ಮತ್ತು 8-ಅ ಉತಾರ ತೆಗೆಸಬೇಕಿದ್ದರೆ ಸೋಮವಾರ ನಿಮ್ಮ ಜೊತೆ ಬರುತ್ತೇನೆ. ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ.’

‘ಆಗುವುದಿಲ್ಲ’ ಎಂಬ ಮಾತು ಇಲ್ಲಿ ಬೇಗ ಬಂದಿದೆ. ಓದುವವರು ಕೊನೆಯವರೆಗೆ ಆಸೆಯಿಂದ ಕಾಯಬೇಕಿಲ್ಲ. ‘ಸದ್ಯಕ್ಕೆ’ ಎಂಬ ಪದವನ್ನು ಬಿಟ್ಟಿದ್ದೇವೆ. ಅದಿದ್ದರೆ ‘ಹಾಗಾದರೆ ದೀಪಾವಳಿಗೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾರಣ ಒಂದೇ, ಅದೂ ನಿಜವಾದದ್ದು. ನಾಲ್ಕು ಕಾರಣ ಕೊಟ್ಟರೆ ಕಾಕಾ ಒಂದೊಂದಕ್ಕೂ ಪರಿಹಾರ ಹೇಳತೊಡಗುತ್ತಾರೆ. ಸುಳ್ಳು ಕಾರಣ ಕೊಟ್ಟರೆ ಮುಂದಿನ ಮದುವೆ ಮನೆಯಲ್ಲಿ ಬಯಲಾಗುತ್ತದೆ. ಹಳೆಯ ಬಾಕಿಯನ್ನೂ ಅವರ ಖರ್ಚಿನ ರೀತಿಯನ್ನೂ ಈ ಪತ್ರದಲ್ಲಿ ಎತ್ತಬಾರದು.

ಸಹಾಯ ಮಾಡುತ್ತೇವೆಂದು ಬರೆದರೆ ಮಾಡಿಯೇ ತೀರಬೇಕು. ಬ್ಯಾಂಕಿಗೆ ಜೊತೆಯಲ್ಲಿ ಹೋಗುವುದು ಬೇರೆ, ಜಾಮೀನಿಗೆ ಸಹಿ ಹಾಕುವುದು ಬೇರೆ. ಅವರು ಕಟ್ಟದಿದ್ದರೆ ಜಾಮೀನುದಾರನೇ ಕಟ್ಟಬೇಕಾಗುತ್ತದೆ. ಹಣ ಕೊಡಲಾಗದವರು ಸಂಕೋಚಕ್ಕೆ ಬಿದ್ದು ಜಾಮೀನು ಒಪ್ಪಿಕೊಳ್ಳಬಾರದು.

ನಮ್ಮ ಗಡಿಭಾಗದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮನೆಮಾತು ಕನ್ನಡವಾದರೂ ಮರಾಠಿ ಶಾಲೆಯಲ್ಲಿ ಕಲಿತ ಅನೇಕರಿಗೆ ಕನ್ನಡ ಅಕ್ಷರ ಬಾರದು. ಕನ್ನಡದಲ್ಲಿ ಬರೆದರೆ ಪತ್ರವನ್ನು ನೆರೆಯವರು ಓದಿ ಹೇಳಬೇಕಾಗುತ್ತದೆ, ಕಾಕಾನ ಕಷ್ಟ ಓಣಿಗೆಲ್ಲ ತಿಳಿಯುತ್ತದೆ. ಅವರು ತಾವೇ ಓದಬಲ್ಲ ಲಿಪಿಯಲ್ಲಿ ಬರೆಯೋಣ. ಮೊಬೈಲಿನಲ್ಲಾದರೆ ಅವರೊಬ್ಬರಿಗೇ ಕಳಿಸೋಣ, ಕುಟುಂಬದ ಗುಂಪಿಗಲ್ಲ.

ಪತ್ರ ಮುಟ್ಟಿದ ಮೇಲೆ ಕಾಕಾ ‘ಯಾವಾಗ ಕೊಡುತ್ತೀ?’ ಎಂದು ಕೇಳಿದರೆ ನಮ್ಮ ಮಾತು ಸ್ಪಷ್ಟವಾಗಿರಲಿಲ್ಲ ಎಂದರ್ಥ. ಅದೇ ವಾಕ್ಯವನ್ನು ಇನ್ನೊಮ್ಮೆ ಬರೆಯೋಣ, ಹೊಸ ಕಾರಣ ಸೇರಿಸುವುದು ಬೇಡ. ಅವರು ಸುಮ್ಮನಾದರೆ ನೊಂದಿದ್ದಾರೆ ಎಂದು ತಿಳಿದು, ವಾರದೊಳಗೆ ನಾವೇ ಅವರ ಮನೆಗೆ ಹೋಗಿ ಬರೋಣ. ಹೋದಾಗ ಹಣದ ಮಾತು ತೆಗೆಯದೆ ಬಿತ್ತನೆ ಎಲ್ಲಿಗೆ ಬಂತೆಂದು ಕೇಳೋಣ.